ಐದು ಪಾಯಿಂಟಿಗೆ ಎರಡು ನಿಮಿಷ ಸಾಕಾಗಲ್ಲ, ಏನು ಮಾಡೋದು?

ಪ್ರಶ್ನೆ: "ಸರ್, ನಮ್ಮ ಚರ್ಚಾಸ್ಪರ್ಧೆಗಳಲ್ಲಿ ವಿಷಯ ಮಂಡನೆಗೆ ನಾಲ್ಕು ನಿಮಿಷ, ರೆಬಟಲ್‌ಗೆ ಎರಡು ನಿಮಿಷ ಕೊಡ್ತಾರೆ. ಎದುರಿನವರು ಐದು ಪಾಯಿಂಟ್ ಹೇಳಿರ್ತಾರೆ. ನಾನು ಎರಡನೇದಕ್ಕೆ ಬರೋ ಹೊತ್ತಿಗೆ ಬೆಲ್ ಹೊಡೀತಾರೆ. ಐದಕ್ಕೂ ಉತ್ತರ ಕೊಡೋ ಹಾಗೆ ಸ್ಪೀಡಾಗಿ ಮಾತಾಡೋದು ಹೇಗೆ?" – ಮಂಡ್ಯದಿಂದ ಒಬ್ಬ ಪದವಿ ವಿದ್ಯಾರ್ಥಿನಿ.

ಈ ಪ್ರಶ್ನೆಗೆ ಉತ್ತರ ಬರೆದು ಬರೆದು ನನಗೂ ಸಾಕಾಗಿದೆ. ಆದರೂ ಪ್ರತಿ ವರ್ಷ ಕಾಲೇಜು ಶುರುವಾಗಿ ಸ್ಪರ್ಧೆಗಳ ನೋಟಿಸು ಬಿದ್ದ ಕೂಡಲೇ ಮತ್ತೆ ಬರುತ್ತದೆ. ಚಿಕ್ಕ ಉತ್ತರ ಇಷ್ಟೇ: ಸ್ಪೀಡು ಬೇಡಮ್ಮ. ಐದಕ್ಕೂ ಉತ್ತರ ಕೊಡಬೇಕು ಅಂತ ನಿನಗೆ ಹೇಳಿದ್ದು ಯಾರು?

ಯಾರೋ ಸೀನಿಯರ್ ಹೇಳಿರುತ್ತಾರೆ. "ಬಿಟ್ಟ ಪಾಯಿಂಟು ಒಪ್ಪಿಕೊಂಡ ಹಾಗೆ" ಅನ್ನೋ ಈ ಮಾತು ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಬ್ಯಾಚಿನಿಂದ ಬ್ಯಾಚಿಗೆ ಇಳಿದು ಬರುತ್ತಿದೆ. ಇದು ಪೂರ್ತಿ ಸುಳ್ಳೂ ಅಲ್ಲ, ಅದೇ ತೊಂದರೆ. ಅಮೆರಿಕದ ಪಾಲಿಸಿ ಡಿಬೇಟ್ ಅನ್ನೋ ಪದ್ಧತಿಯಲ್ಲಿ ಉತ್ತರ ಕೊಡದ ವಾದವನ್ನು ಒಪ್ಪಿಕೊಂಡಂತೆ ಲೆಕ್ಕ ಹಾಕುವ ರೂಢಿ ಇದೆ. ಅದಕ್ಕೇ ಅಲ್ಲಿನವರು ಉಸಿರು ಬಿಡದೆ ಓದುತ್ತಾರೆ. ಅದನ್ನು ಕೇಳಿ ಬರೆದುಕೊಳ್ಳಲು ತೀರ್ಪುಗಾರರಿಗೂ ಅಭ್ಯಾಸ ಇರುತ್ತದೆ. ನಮ್ಮ ಸಭಾಂಗಣದಲ್ಲಿ ಕೂತಿರೋದು ಒಬ್ಬರು ಕನ್ನಡ ಮೇಷ್ಟ್ರು, ಒಬ್ಬರು ವಕೀಲರು, ಇನ್ನೊಬ್ಬರು ಹಳೇ ವಿದ್ಯಾರ್ಥಿ. ಅವರು ವಾದವನ್ನು ಎಣಿಸುವುದಿಲ್ಲ, ತೂಗುತ್ತಾರೆ. ವಿಶ್ವವಿದ್ಯಾಲಯಗಳ ವಿಶ್ವ ಮಟ್ಟದ ಡಿಬೇಟಿನಲ್ಲೂ ತೀರ್ಪುಗಾರರಿಗೆ ಕೊಡುವ ಸೂಚನೆ ಹೆಚ್ಚುಕಡಿಮೆ ಇದೇ: ವಿಚಾರ ಮಾಡಬಲ್ಲ ಒಬ್ಬ ಸಾಮಾನ್ಯ ಮತದಾರ ಕೇಳುವ ಹಾಗೆ ಕೇಳಿ.

ಲೆಕ್ಕಾನೂ ಹಾಕೋಣ. ಎರಡು ನಿಮಿಷ ಅಂದರೆ 120 ಸೆಕೆಂಡು. ಐದು ಪಾಯಿಂಟಿಗೆ ಹಂಚಿದರೆ ತಲಾ 24 ಸೆಕೆಂಡು. ಅವರು ಏನು ಹೇಳಿದರು ಅಂತ ನೆನಪಿಸುವುದಕ್ಕೇ ಏಳೆಂಟು ಸೆಕೆಂಡು ಬೇಕು. ಉಳಿದದ್ದರಲ್ಲಿ "ಅದು ಸರಿಯಲ್ಲ" ಎನ್ನಬಹುದು, ಯಾಕೆ ಸರಿಯಲ್ಲ ಎನ್ನಲು ಜಾಗವೇ ಇರುವುದಿಲ್ಲ. ಹೀಗೆ ಮಾತಾಡಿದವರ ಹೆಸರಿನ ಮುಂದೆ, ತೀರ್ಪುಗಾರನಾಗಿ ಕೂತ ನನ್ನ ಹಾಳೆಯಲ್ಲಿ ಉಳಿಯುವುದು "ಒಂದು – ಒಪ್ಪಲ್ಲ, ಎರಡು – ಒಪ್ಪಲ್ಲ, ಮೂರು – ಒಪ್ಪಲ್ಲ" ಅನ್ನೋ ಪಟ್ಟಿ ಮಾತ್ರ. ಕಾರಣದ ಕಾಲಂ ಖಾಲಿ. ಖಾಲಿ ಕಾಲಮ್ಮಿಗೆ ಯಾರು ಅಂಕ ಕೊಡುತ್ತಾರೆ ಹೇಳಿ?

ವೇಗ ಹೆಚ್ಚಿಸಿದರೂ ಅಷ್ಟೇ. ಜಾಸ್ತಿ ವೇಗದಲ್ಲಿ ಮೊದಲು ಸಾಯುವುದು ಕ್ರಿಯಾಪದ. ಕನ್ನಡದಲ್ಲಿ ಹೌದು, ಅಲ್ಲ ಎರಡೂ ವಾಕ್ಯದ ಕೊನೆಯಲ್ಲಿ ಬರುತ್ತವೆ. "ಆಗುತ್ತದೆ" ಅಂದಿರೋ "ಆಗುವುದಿಲ್ಲ" ಅಂದಿರೋ ಕೇಳಿಸದಿದ್ದರೆ ವಾದವೇ ತಲೆಕೆಳಗು.

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ವಿಷಯ: "ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಕೆಡವಿ ಹೊಸದಾಗಿ ಕಟ್ಟಬೇಕು." ನೀವು ವಿರೋಧ. ಪರ ಮಾತಾಡಿದವರು ಐದು ಪಾಯಿಂಟ್ ಹೇಳಿದ್ದಾರೆ. ಒಂದು, ಕಟ್ಟಡ ಹಳೆಯದು, 2016ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದಿದೆ, ಜೀವಕ್ಕೆ ಅಪಾಯ. ಎರಡು, ರಿಪೇರಿ ಮಾಡಿದರೂ ನಿಲ್ಲಲ್ಲ, ದುಡ್ಡು ದಂಡ. ಮೂರು, ಪಾರ್ಕಿಂಗ್ ಇಲ್ಲ. ನಾಲ್ಕು, ಚರಂಡಿ, ಶೌಚಾಲಯ ಸರಿಯಿಲ್ಲ. ಐದು, ಹೊಸ ಕಟ್ಟಡ ಬಂದರೆ ಪ್ರವಾಸಿಗರು ಜಾಸ್ತಿ ಬರುತ್ತಾರೆ.

ನಿಮ್ಮ ಕೈ ತಾನಾಗೇ ಐದನೆಯದಕ್ಕೆ ಹೋಗುತ್ತದೆ. ಯಾಕೆಂದರೆ ಅದು ಸುಲಭ. ಹೂವಿನ ಸಾಲು, ಕುಂಕುಮದ ರಾಶಿ ನೋಡೋಕೆ ಬರುವ ಪ್ರವಾಸಿ ಕಾಂಕ್ರೀಟ್ ನೋಡೋಕೆ ಬರ್ತಾನಾ ಅಂತ ಕೇಳಿದರೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ಆ ಪಾಯಿಂಟು ಬಿದ್ದುಹೋದರೂ ಅವರ ವಾದ ಅಲ್ಲಾಡುವುದಿಲ್ಲ. ಪ್ರತಿ ಪಾಯಿಂಟಿಗೂ ಈ ಪರೀಕ್ಷೆ ಮಾಡಿ: ಇದನ್ನು ತೆಗೆದರೆ "ಕೆಡವಬೇಕು" ಅನ್ನೋದು ಇನ್ನೂ ನಿಲ್ಲುತ್ತದಾ? ಪಾರ್ಕಿಂಗ್ ತೆಗೆಯಿರಿ, ನಿಲ್ಲುತ್ತದೆ. ಅಪಾಯ ತೆಗೆಯಿರಿ, ಬೀಳುತ್ತದೆ. ಬರೀ ಪಾರ್ಕಿಂಗ್‌ಗಾಗಿ ನೂರು ವರ್ಷ ದಾಟಿದ ಮಾರುಕಟ್ಟೆ ಕೆಡವಿ ಎನ್ನುವ ಧೈರ್ಯ ಅವರಿಗೂ ಇರುವುದಿಲ್ಲ.

ಹಾಗಾಗಿ ಐದು ಪಾಯಿಂಟು ಎರಡು ಗುಂಪಾಗುತ್ತವೆ. ಮೊದಲಿನ ಎರಡು ಹೇಳೋದು "ಉಳಿಸೋಕೆ ಆಗಲ್ಲ" ಅಂತ. ಕೊನೆಯ ಮೂರು ಹೇಳೋದು "ಹೊಸದಾದರೆ ಅನುಕೂಲ" ಅಂತ. ಗುಂಪಿಗೆ ಉತ್ತರ ಕೊಟ್ಟರೆ ಯಾವುದನ್ನೂ ಬಿಟ್ಟಂತಾಗಲಿಲ್ಲ, ಅಲ್ವಾ? ರೆಬಟಲ್ ಹೀಗೆ ಬರುತ್ತದೆ:

"ಅಧ್ಯಕ್ಷರೆ, ಎದುರಿನವರ ಐದೂ ಪಾಯಿಂಟು ಎರಡು ಪ್ರಶ್ನೆಗಳ ಮೇಲೆ ನಿಂತಿವೆ. ಈ ಕಟ್ಟಡವನ್ನು ಉಳಿಸಲು ಆಗುವುದೇ ಇಲ್ಲವೇ? ಕೆಡವಿದರೆ ಮಾತ್ರ ಸಿಗುವ ಅನುಕೂಲ ಯಾವುದು? ಮೊದಲ ಪ್ರಶ್ನೆ. 2016ರಲ್ಲಿ ಒಂದು ಭಾಗ ಕುಸಿಯಿತು, ಹಾಗಾಗಿ ಎಲ್ಲವನ್ನೂ ಕೆಡವಿ ಎಂದರು. ಕುಸಿದದ್ದು ನಿಜ. ಆದರೆ ಅದರಿಂದ ಅವರು ತೆಗೆದ ತೀರ್ಮಾನ ಸರಿಯಲ್ಲ. ಏಕೆಂದರೆ ಒಂದು ಭಾಗ ಬಿದ್ದರೆ ತಿಳಿಯುವುದು ಆ ಭಾಗದ ಸ್ಥಿತಿ. ಉಳಿದದ್ದೂ ದುರಸ್ತಿ ಮೀರಿದೆ ಎನ್ನಲು ಬೇರೆ ಪುರಾವೆ ಬೇಕು, ಅದನ್ನು ಅವರು ಕೊಡಲಿಲ್ಲ. ಹಾಗಾಗಿ ಅವರ ಮೊದಲ ಎರಡು ಪಾಯಿಂಟುಗಳಿಂದ ಸಾಬೀತಾಗುವುದು ದುರಸ್ತಿ ಬೇಗ ಆಗಬೇಕು ಎಂದಷ್ಟೇ, ಕೆಡವಬೇಕು ಎಂದಲ್ಲ. ಎರಡನೇ ಪ್ರಶ್ನೆಗೆ ಬರುತ್ತೇನೆ. ಪಾರ್ಕಿಂಗ್ ಬೇರೆ ಜಾಗದಲ್ಲಿ ಮಾಡಬಹುದು, ಚರಂಡಿಯನ್ನು ಕಟ್ಟಡ ಇಟ್ಟುಕೊಂಡೇ ಸರಿಪಡಿಸಬಹುದು, ಪ್ರವಾಸಿಗರು ಈಗಲೇ ಬರುತ್ತಿದ್ದಾರೆ. ಹಾಗಾಗಿ ಈ ಮೂರೂ ಒಳ್ಳೆಯ ಆಸೆಗಳು, ಕೆಡವಲು ಕಾರಣಗಳಲ್ಲ."

ಇದರಲ್ಲಿ ನಾಲ್ಕು ಹೆಜ್ಜೆ ಇವೆ. ಅವರು ಹೇಳಿದ್ದು, ಅದರಲ್ಲಿ ನಾವು ಒಪ್ಪದ್ದು, ಯಾಕೆ, ಹಾಗಾದರೆ ಈಗ ಏನಾಯಿತು. ಮಕ್ಕಳು ಮೊದಲ ಮೂರು ಮಾಡುತ್ತಾರೆ, ನಾಲ್ಕನೆಯದು ಬಿಟ್ಟುಬಿಡುತ್ತಾರೆ. "ಹಾಗಾಗಿ" ಎಂದು ಶುರುವಾಗುವ ಆ ವಾಕ್ಯವೇ ತೀರ್ಪುಗಾರರ ಕೆಲಸ ಸುಲಭ ಮಾಡುವುದು. ಅದು ಇಲ್ಲದಿದ್ದರೆ ನೀವು ಒಂದು ಪಾಯಿಂಟನ್ನು ಗಾಯ ಮಾಡಿ ಹೋದಿರಿ, ಕೊಂದಿರೋ ಇಲ್ಲವೋ ಅಂತ ನಾವು ಊಹಿಸುತ್ತಾ ಕೂರಬೇಕು.

ಇನ್ನೊಂದು ಕಡೆ ಗಮನ ಇರಲಿ. ಎದುರಿನವರು ನಿಜವಾಗಿಯೂ ತಜ್ಞರ ವರದಿ ಹಿಡಿದು ಓದಿದರೆ "ಪುರಾವೆ ಕೊಡಲಿಲ್ಲ" ಅನ್ನೋದು ನಡೆಯುವುದಿಲ್ಲ. ಆಗ ದಾರಿ ಬದಲಿಸಬೇಕು: "ಹಾಗೇ ಇಟ್ಟುಕೊಳ್ಳೋಣ. ಕೆಟ್ಟ ಭಾಗವನ್ನು ಅದೇ ವಿನ್ಯಾಸದಲ್ಲಿ ಹಂತ ಹಂತವಾಗಿ ಕಟ್ಟಬಹುದಲ್ಲ, ಇಡೀ ಮಾರುಕಟ್ಟೆಯನ್ನು ಒಮ್ಮೆಗೇ ಯಾಕೆ ಕೆಡವಬೇಕು?" ಇದನ್ನು ಮೊದಲೇ ಚೀಟಿಯ ಹಿಂದೆ ಬರೆದಿಟ್ಟುಕೊಳ್ಳಿ. ಅವರ ಗಟ್ಟಿ ಪಾಯಿಂಟನ್ನು ಕೇಳಿಸಿಕೊಳ್ಳದವರ ಹಾಗೆ ದಾಟಿ ಹೋದರೆ ಮಾತ್ರ ಆ ಸೀನಿಯರ್ ಹೇಳಿದ್ದು ನಿಜವಾಗುತ್ತದೆ. ಸಣ್ಣದನ್ನು ಬಿಟ್ಟರೆ ಯಾರೂ ಕೇಳಲ್ಲ. ಬೇರನ್ನು ಬಿಟ್ಟರೆ ಸೋತಿರಿ.

ಸೈನ್‌ಪೋಸ್ಟಿಂಗ್, ಅಂದರೆ ಮಾತು ಈಗ ಎಲ್ಲಿದೆ ಅಂತ ಕೇಳುವವರಿಗೆ ದಾರಿ ತೋರಿಸುವುದು, ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೇಲಿನ ಮಾತಿನಲ್ಲಿ "ಎರಡು ಪ್ರಶ್ನೆ", "ಮೊದಲ ಪ್ರಶ್ನೆ", "ಎರಡನೇ ಪ್ರಶ್ನೆಗೆ ಬರುತ್ತೇನೆ" ಅಂತ ಬಂದಿದೆಯಲ್ಲ, ಅಷ್ಟೇ. ಆ ಮಾತು ಕಿವಿಗೆ ಬಿದ್ದಾಗ ತೀರ್ಪುಗಾರರ ಪೆನ್ನು ಹೊಸ ಸಾಲಿಗೆ ಹೋಗುತ್ತದೆ. ಒಂದೇ ಎಚ್ಚರಿಕೆ: ಮೂರು ಅಂತ ಹೇಳಿ ಎರಡಕ್ಕೆ ಕೂರಬೇಡಿ. ಹೇಳದೇ ಇದ್ದ ಮೂರನೆಯದಕ್ಕಾಗಿ ನನ್ನ ಹಾಳೆಯಲ್ಲಿ ಒಂದು ಅಂಕಿ ಬರೆದು ಕಾಯುತ್ತಿರುತ್ತೇನೆ. ಖಾತರಿ ಇಲ್ಲದಿದ್ದರೆ ಎರಡು ಅಂತಲೇ ಹೇಳಿ.

ಗಡಿಯಾರದ ವಿಷಯ. 120 ಸೆಕೆಂಡಿನಲ್ಲಿ ಮೊದಲ 15 ದಾರಿ ಹೇಳಲು, ಮುಂದಿನ 55 ಮುಖ್ಯ ಗುಂಪಿಗೆ, 35 ಎರಡನೇ ಗುಂಪಿಗೆ, ಕೊನೆಯ 15 ಮುಗಿಸಲು. ಸಮಪಾಲು ಮಾಡಬೇಡಿ, ಗಟ್ಟಿ ಪಾಯಿಂಟಿಗೆ ಜಾಸ್ತಿ ಹೊತ್ತು ಕೊಡಿ. ಚೀಟಿಯ ಅಂಚಿನಲ್ಲಿ 0:15, 1:10, 1:45 ಅಂತ ಬರೆದುಕೊಳ್ಳಿ. ಅಭ್ಯಾಸ ಮಾಡುವಾಗ ಮೊಬೈಲಿನ ಸ್ಟಾಪ್‌ವಾಚ್ ನಿಮ್ಮ ಕೈಲಿ ಇರಬಾರದು. ಗೆಳತಿಯ ಕೈಲಿ ಕೊಟ್ಟು ಒಂದೂವರೆ ನಿಮಿಷಕ್ಕೆ ಮೇಜು ತಟ್ಟಲು ಹೇಳಿ. ತಟ್ಟಿದಾಗ ನೀವು ಇನ್ನೂ ಮೊದಲ ಗುಂಪಿನಲ್ಲೇ ಇದ್ದರೆ ಕತ್ತರಿ ಹಾಕಬೇಕು. ಕತ್ತರಿಸುವುದು ಕಾರಣವನ್ನಲ್ಲ, ಉದಾಹರಣೆಯನ್ನು. ವಾರ್ನಿಂಗ್ ಬೆಲ್ ಕೇಳಿದ ಕೂಡಲೇ ಎಲ್ಲರೂ ಸ್ಪೀಡ್ ಏರಿಸುತ್ತಾರೆ. ಆ ಬೆಲ್ ಹೇಳೋದು ಹೊಸದನ್ನು ಶುರು ಮಾಡಬೇಡ ಅಂತ. ಕೈಲಿರುವ ವಾಕ್ಯ ಮುಗಿಸಿ ನೇರ "ಹಾಗಾಗಿ"ಗೆ ಹೋಗಿ.

ಪಾರ್ಲಿಮೆಂಟರಿ ಪದ್ಧತಿಯ ಡಿಬೇಟಿಗೆ ಹೋಗುವವರಿಗೆ ಏಳು ನಿಮಿಷ ಸಿಗುತ್ತದೆ. ಅಲ್ಲಿ ಮೊದಲ ನಿಮಿಷ ಮತ್ತು ಕೊನೆಯ ನಿಮಿಷದಲ್ಲಿ ಎದುರಿನವರು ಎದ್ದು ಪ್ರಶ್ನೆ ಕೇಳುವ ಹಾಗಿಲ್ಲ. ಖಂಡನೆಯನ್ನು ಮಾತಿನ ಶುರುವಿನಲ್ಲೇ ಮುಗಿಸಿ, ಆಮೇಲೆ ನಿಮ್ಮ ವಾದಕ್ಕೆ ಹೋಗುವುದು ಅಲ್ಲಿನ ರೂಢಿ. ಲೆಕ್ಕ ಬದಲಾದರೂ ನಾಲ್ಕು ಹೆಜ್ಜೆ ಬದಲಾಗುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಸಮಯ ಸಾಲದು ಎನ್ನುವ ನೀವು ಮಂಡನೆಯ ನಾಲ್ಕು ನಿಮಿಷದಲ್ಲಿ ಏನು ಮಾಡುತ್ತೀರಿ ನೋಡಿ. "ವೇದಿಕೆಯ ಮೇಲೆ ಆಸೀನರಾಗಿರುವ ಘನ ಅಧ್ಯಕ್ಷರೆ, ಮುಖ್ಯ ಅತಿಥಿಗಳೆ, ನಿಷ್ಪಕ್ಷಪಾತ ತೀರ್ಪು ನೀಡಲಿರುವ ತೀರ್ಪುಗಾರರೆ, ಗುರುವೃಂದದವರೆ, ನನ್ನ ಎದುರಾಳಿ ಮಿತ್ರರೆ ಹಾಗೂ ನನ್ನೆಲ್ಲ ಸಹೋದರ ಸಹೋದರಿಯರೆ." ಮೇಲೊಂದು ವಚನ, ಅದರ ಮೇಲೆ "ಎಂಬ ಕವಿವಾಣಿಯಂತೆ". ಗಡಿಯಾರ ಇಟ್ಟು ನೋಡಿ, ಅರ್ಧ ನಿಮಿಷ ಹೋಗಿರುತ್ತದೆ. ನಿಷ್ಪಕ್ಷಪಾತ ಅಂತ ಹೊಗಳಿದ್ದಕ್ಕೆ ನಾವು ಅಂಕ ಕೊಟ್ಟರೆ ನಿಷ್ಪಕ್ಷಪಾತ ಎಲ್ಲಿ ಉಳಿಯಿತು? "ಅಧ್ಯಕ್ಷರೆ, ತೀರ್ಪುಗಾರರೆ, ಎಲ್ಲರಿಗೂ ನಮಸ್ಕಾರ" ಸಾಕು. ವಚನ ಹೇಳಲೇಬೇಕಿದ್ದರೆ ಅದು ವಾದದ ಒಳಗೆ ಕೆಲಸ ಮಾಡುವ ಜಾಗದಲ್ಲಿ ಹೇಳಿ. ರೆಬಟಲ್‌ನಲ್ಲಂತೂ "ಅಧ್ಯಕ್ಷರೆ" ಒಂದೇ ಪದ.

ಕೊನೆಯ ಬೆಲ್ ಆದ ಮೇಲೆ "ಒಂದೇ ಒಂದು ನಿಮಿಷ, ಅಧ್ಯಕ್ಷರೆ" ಅಂತ ಬೇಡುವುದೂ ಬೇಡ. ಕೆಲವು ಕಡೆ ಅದಕ್ಕೇ ಅಂಕ ಕಳೆಯುತ್ತಾರೆ. ಕಳೆಯದ ಕಡೆಯೂ ಬೆಲ್ ಆದ ಮೇಲೆ ನೀವು ಹೇಳಿದ್ದನ್ನು ಯಾರೂ ಬರೆದುಕೊಳ್ಳುವುದಿಲ್ಲ. ನಾನಂತೂ ಪೆನ್ನಿನ ಕ್ಯಾಪ್ ಹಾಕಿರುತ್ತೇನೆ.