ಪದ ಪರಿಚಯ: ‘ಔಟ್ ಆಫ್ ವಿಡಿಯೊ ಮೆಮೊರಿ’

ಅರ್ಧ ಗಂಟೆಯಿಂದ ಆಟ ಚೆನ್ನಾಗಿಯೇ ಓಡುತ್ತಿರುತ್ತದೆ. ಹೊಸದೊಂದು ಊರಿನ ಹೆಬ್ಬಾಗಿಲು ದಾಟುವಾಗ ಪರದೆ ಸ್ತಬ್ಧವಾಗುತ್ತದೆ, ಆಟ ಮುಚ್ಚಿಹೋಗುತ್ತದೆ, ಈ ಸಾಲು ಕಾಣಿಸಿಕೊಳ್ಳುತ್ತದೆ:

```
Out of video memory trying to allocate a rendering resource.
```

ಅನ್‌ರಿಯಲ್ ಎಂಜಿನ್ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಮಾಡಿದ ಆಟಗಳು ತೋರಿಸುವ ಸಂದೇಶ ಇದು. ಚಿತ್ರ ಬಿಡಿಸಲು ಬೇಕಾದ ಏನನ್ನೋ ಇಡುವುದಕ್ಕೆ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ ಜಾಗ ಕೇಳಿದೆ, ಸಿಗಲಿಲ್ಲ ಎಂದು ಇದರ ಅರ್ಥ. ಸಂದೇಶದ ಮುಂದಿನ ಭಾಗದಲ್ಲಿ `try lowering the resolution` ಎಂಬ ಸಲಹೆಯೂ ಇದೆ. ಅದನ್ನು ನಂಬಿ ಬಹಳಷ್ಟು ಜನ ಮೊದಲು ರೆಸಲ್ಯೂಶನ್ ಇಳಿಸುತ್ತಾರೆ. ಇಡೀ ಚಿತ್ರ ಮಸುಕಾಗುತ್ತದೆ, ಆಟ ಮಾತ್ರ ಅದೇ ಹೆಬ್ಬಾಗಿಲಲ್ಲಿ ಮತ್ತೆ ಬೀಳುತ್ತದೆ. ನಾನೂ ಒಂದು ವಾರ ಹೀಗೇ ಕಳೆದಿದ್ದೇನೆ. ಟೆಕ್ಸ್‌ಚರ್ ಗುಣಮಟ್ಟವನ್ನು ಒಂದೇ ಮೆಟ್ಟಿಲು ಇಳಿಸಿದ ಮೇಲೆ ಆ ಊರೊಳಗೆ ಹೋಗಲು ಸಾಧ್ಯವಾಯಿತು.

ಯಾಕೆ ಹೀಗೆ ಎಂದು ತಿಳಿಯಬೇಕಾದರೆ ವಿಡಿಯೊ ಮೆಮೊರಿಯಲ್ಲಿ ಏನೇನು ಕೂತಿರುತ್ತದೆ ಎಂದು ನೋಡಬೇಕು. ಮುಖ್ಯವಾಗಿ ಎರಡು ಬಗೆಯ ವಸ್ತುಗಳಿವೆ. ಒಂದು, ಪರದೆಯ ಅಳತೆಗೆ ತಕ್ಕಂತೆ ಬೆಳೆಯುವ ಬಫರ್‌ಗಳು. ಬಣ್ಣಕ್ಕೊಂದು, ಆಳಕ್ಕೊಂದು, ಬೆಳಕಿಗೊಂದು, ಹಿಂದಿನ ಫ್ರೇಮಿನ ನೆನಪಿಗೊಂದು ಎಂದು ಆಟ ಹಲವು ಹಾಳೆಗಳನ್ನು ಹರಡಿಕೊಂಡು ಚಿತ್ರ ಬರೆಯುತ್ತದೆ. ರೆಸಲ್ಯೂಶನ್ ಇಳಿಸಿದರೆ ಚಿಕ್ಕದಾಗುವುದು ಈ ಹಾಳೆಗಳು. ಇನ್ನೊಂದು, ಟೆಕ್ಸ್‌ಚರ್‌ಗಳು, ಅಂದರೆ ಗೋಡೆ, ನೆಲ, ಬಟ್ಟೆ, ಮುಖಗಳ ಮೇಲೆ ಅಂಟಿಸುವ ಚಿತ್ರಗಳು. ಇವುಗಳ ಅಳತೆಯನ್ನು ಆಟ ಮಾಡಿದವರು ನಿರ್ಧರಿಸಿರುತ್ತಾರೆ; ನಿಮ್ಮ ಪರದೆ ಎಷ್ಟು ದೊಡ್ಡದು ಎಂಬುದು ಆ ಫೈಲಿಗೆ ಗೊತ್ತಿಲ್ಲ.

ಈಗ ಲೆಕ್ಕ ಹಾಕೋಣ. ಒಂದು ಆಟ ಎಲ್ಲ ಹಾಳೆಗಳನ್ನೂ ಸೇರಿಸಿ ಪ್ರತಿ ಪಿಕ್ಸೆಲ್‌ಗೆ 120 ಬೈಟ್ ಬಳಸುತ್ತದೆ ಎಂದುಕೊಳ್ಳಿ. 2560×1440ರಲ್ಲಿ ಸುಮಾರು 37 ಲಕ್ಷ ಪಿಕ್ಸೆಲ್‌ಗಳಿವೆ, ಹಾಗಾಗಿ ಹಾಳೆಗಳಿಗೆ ಬೇಕಾಗುವುದು ಸುಮಾರು 420 ಎಂಬಿ. 1920×1080ಕ್ಕೆ ಇಳಿದರೆ 240 ಎಂಬಿ. ಉಳಿದದ್ದು 180 ಎಂಬಿ.

ಟೆಕ್ಸ್‌ಚರ್ ಕಡೆಗೆ ಬನ್ನಿ. 4096×4096 ಅಳತೆಯ ಒಂದು ಟೆಕ್ಸ್‌ಚರನ್ನು ಬಿಸಿ7 ಎಂಬ ರೂಢಿಯ ಕಂಪ್ರೆಶನ್‌ನಲ್ಲಿ ಇಟ್ಟರೆ ಪಿಕ್ಸೆಲ್‌ಗೆ ಒಂದು ಬೈಟ್‌ನಂತೆ 16 ಎಂಬಿ ಆಗುತ್ತದೆ. ದೂರದಿಂದ ನೋಡುವಾಗ ಬಳಸಲು ಅದರದೇ ಅರ್ಧ, ಕಾಲು, ಅರೆಕಾಲು ಅಳತೆಯ ಪ್ರತಿಗಳೂ ಜೊತೆಗಿರುತ್ತವೆ. ಇವನ್ನು ಮಿಪ್ ಎನ್ನುತ್ತಾರೆ. ಅವೂ ಸೇರಿ ಸುಮಾರು 21 ಎಂಬಿ. ಒಂದು ಗೋಡೆ ನಿಜವಾಗಿ ಕಾಣಬೇಕಾದರೆ ಬಣ್ಣದ್ದು, ಉಬ್ಬುತಗ್ಗಿನದು, ಹೊಳಪಿನದು ಎಂದು ಇಂಥ ಮೂರಾದರೂ ಬೇಕು. ಅಲ್ಲಿಗೆ ಒಂದು ಗೋಡೆಗೆ 64 ಎಂಬಿ. ಟೆಕ್ಸ್‌ಚರ್ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದಾಗ ಸಾಮಾನ್ಯವಾಗಿ ಆಗುವುದೆಂದರೆ ಎಲ್ಲಕ್ಕಿಂತ ದೊಡ್ಡ ಪ್ರತಿಯನ್ನು ಕೈಬಿಡುವುದು. ಉದ್ದ ಅಗಲ ಎರಡೂ ಅರ್ಧವಾಗುವುದರಿಂದ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ: 64 ಎಂಬಿ ಇದ್ದದ್ದು 16. ಒಂದೇ ಗೋಡೆಯಲ್ಲಿ 48 ಎಂಬಿ ಉಳಿಯಿತು. ಇಂಥ ನಾಲ್ಕು ಗೋಡೆಗಳು ಸಾಕು, ಇಡೀ ಪರದೆಯ ರೆಸಲ್ಯೂಶನ್ ಇಳಿಸಿ ಗಳಿಸಿದ್ದಕ್ಕಿಂತ ಹೆಚ್ಚು ಉಳಿಸಲು. ಆ ಊರಿನೊಳಗೆ ಇರುವುದು ನಾಲ್ಕೇ ಗೋಡೆಗಳಲ್ಲ.

ಕಣ್ಣಿಗೆ ಆಗುವ ನಷ್ಟವೂ ಇದೇ ಕಡೆಗೆ ವಾಲುತ್ತದೆ. ದೊಡ್ಡ ಪ್ರತಿ ಬಳಕೆಗೆ ಬರುವುದು ವಸ್ತುವಿನ ತೀರಾ ಹತ್ತಿರ ನಿಂತಾಗ ಮಾತ್ರ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕಾರ್ಡ್ ಹೇಗೂ ಚಿಕ್ಕ ಪ್ರತಿಯನ್ನೇ ಓದುತ್ತಿರುತ್ತದೆ. ರೆಸಲ್ಯೂಶನ್ ಇಳಿಸಿದರೆ ಹಾಗಲ್ಲ, ಹತ್ತಿರದ ಮುಖದಿಂದ ದೂರದ ತಂತಿಬೇಲಿಯವರೆಗೆ ಎಲ್ಲವೂ ಒಟ್ಟಿಗೆ ಕೆಡುತ್ತದೆ. ಆದ್ದರಿಂದ ಮೆಮೊರಿ ಸಾಲದೆ ಬೀಳುವ ಆಟಕ್ಕೆ ಮೊದಲು ಇಳಿಸಬೇಕಾದದ್ದು ಟೆಕ್ಸ್‌ಚರ್ ಎಂದೇ ನಾನು ಹೇಳುತ್ತೇನೆ. ಇಳಿಸಿದ ಮೇಲೆ ಆಟವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಹಳೆಯ ಟೆಕ್ಸ್‌ಚರ್‌ಗಳು ತುಂಬಿದ ಜಾಗವನ್ನು ಹಲವು ಆಟಗಳು ಓಡುತ್ತಿರುವಾಗ ಪೂರ್ತಿಯಾಗಿ ಬಿಟ್ಟುಕೊಡುವುದಿಲ್ಲ.

ರೆಸಲ್ಯೂಶನ್ ಇಳಿಸುವುದೇ ಸರಿಯಾದ ಸಂದರ್ಭಗಳೂ ಇವೆ. 4ಕೆ ಪರದೆಯಲ್ಲಿ ಮೇಲಿನ ಲೆಕ್ಕದ ಹಾಳೆಗಳೇ 950 ಎಂಬಿ ಮುಟ್ಟುತ್ತವೆ. ಪರದೆಯ ಅಳತೆಗೆ ಹೋಲಿಸಿ ಆಟ ಎಷ್ಟು ದೊಡ್ಡ ಚಿತ್ರ ಬಿಡಿಸಬೇಕೆಂದು ಹೇಳುವ ರೆಂಡರ್ ಸ್ಕೇಲನ್ನು 200 ಪ್ರತಿಶತ ಎಂದು ಇಟ್ಟಿದ್ದರೆ ಉದ್ದ ಅಗಲ ಎರಡೂ ಇಮ್ಮಡಿಯಾಗಿ ಅದರ ಬಹುಪಾಲು ನಾಲ್ಕು ಪಟ್ಟಾಗುತ್ತದೆ. ಟೆಕ್ಸ್‌ಚರ್ ಆಗಲೇ ಕೊನೆಯ ಮೆಟ್ಟಿಲಲ್ಲಿದ್ದರೆ ಕಡಿತ ಮಾಡಲು ಉಳಿದಿರುವುದು ಈ ಹಾಳೆಗಳಲ್ಲೇ. ಆದರೆ ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಪರದೆಯ ಅಳತೆಗೆ ಹಿಗ್ಗಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ನಂಥ ಅಪ್‌ಸ್ಕೇಲಿಂಗ್ ಹಾಕಿದರೆ ಮೆಮೊರಿ ಬಹಳ ಉಳಿಯುತ್ತದೆ ಎಂದು ಎಣಿಸಬೇಡಿ. ಒಳಗಿನ ಕೆಲವು ಹಾಳೆಗಳು ಚಿಕ್ಕವಾಗುತ್ತವೆ ನಿಜ. ಕೊನೆಯ ಚಿತ್ರದ ಹಾಳೆಗಳು ಹಾಗೇ ಇರುತ್ತವೆ, ಟೆಕ್ಸ್‌ಚರ್‌ಗಳನ್ನೂ ಸಾಮಾನ್ಯವಾಗಿ ಕೊನೆಯ ಚಿತ್ರದ ಸ್ಪಷ್ಟತೆಗೆ ಹೊಂದುವಂತೆಯೇ ಆರಿಸಲಾಗುತ್ತದೆ.

ತೊಂದರೆ ಮೆಮೊರಿಯದೇ ಎಂದು ತಿಳಿಯುವುದು ಹೇಗೆ? ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ಆರಿಸಿ. `Dedicated GPU memory` ಎಂಬುದು ಕಾರ್ಡಿನ ಸ್ವಂತ ಮೆಮೊರಿ. `Shared GPU memory` ಎಂಬುದು ಕಂಪ್ಯೂಟರಿನ ಸಾಮಾನ್ಯ ರ್‍ಯಾಮ್‌ನಿಂದ ಎರವಲು ಪಡೆದದ್ದು. ಮೊದಲನೆಯದು ತುಂಬುತ್ತಿದ್ದಂತೆ ವಿಂಡೋಸ್ ಕೆಲವನ್ನು ಎರಡನೆಯದಕ್ಕೆ ಸರಿಸುತ್ತದೆ. ಹೀಗಾಗಿ ಮೆಮೊರಿ ಮುಗಿದ ಕ್ಷಣಕ್ಕೇ ಆಟ ಬೀಳಬೇಕೆಂದಿಲ್ಲ. ಅದಕ್ಕೂ ಮುಂಚೆ ತಿರುಗಿ ನೋಡಿದಾಗಲೆಲ್ಲ ತಡವರಿಕೆ, ಗೋಡೆಗಳು ಮೊದಲು ಮಸುಕಾಗಿ ಬಂದು ಆಮೇಲೆ ಸ್ಪಷ್ಟವಾಗುವುದು ಕಾಣಿಸುತ್ತದೆ. ಆಟ ಓಡುವಾಗ ಮೊದಲ ಅಂಕಿ ಅಂಚಿಗೆ ಅಂಟಿಕೊಂಡು ಎರಡನೆಯದು ಏರುತ್ತಲೇ ಇದ್ದರೆ ರೋಗ ಇದೇ. ಹಿನ್ನೆಲೆಯಲ್ಲಿ ತೆರೆದಿರುವ ಬ್ರೌಸರ್ ಕೂಡ ಇದೇ ಮೆಮೊರಿಯಲ್ಲಿ ಪಾಲು ತಿನ್ನುತ್ತದೆ, ಅದನ್ನು ಮುಚ್ಚಿ ಮತ್ತೊಮ್ಮೆ ನೋಡಿ.

ಅಂಕಿ ಅರ್ಧವೂ ತುಂಬದೆ, ಆಟ ಶುರುವಾಗಿ ಶೇಡರ್‌ಗಳನ್ನು, ಅಂದರೆ ಬೆಳಕು ಬಣ್ಣಗಳ ಲೆಕ್ಕ ಮಾಡುವ ಕಿರು ಪ್ರೋಗ್ರಾಂಗಳನ್ನು, ಸಿದ್ಧಪಡಿಸುವ ಹಂತದಲ್ಲೇ ಇದೇ ಸಂದೇಶ ಬಂದರೆ ಅದನ್ನು ನಂಬಬೇಡಿ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹೀಗಾಗುತ್ತಿತ್ತು. ಪ್ರೊಸೆಸರ್ ಲೆಕ್ಕ ತಪ್ಪುತ್ತಿತ್ತು, ಆಟ ಅದನ್ನು ವಿಡಿಯೊ ಮೆಮೊರಿಯ ಕೊರತೆ ಎಂದು ವರದಿ ಮಾಡುತ್ತಿತ್ತು. ಅತಿಯಾದ ವೋಲ್ಟೇಜ್ ಇದಕ್ಕೆ ಕಾರಣವೆಂದು 2024ರಲ್ಲಿ ಕಂಪನಿಯೇ ಹೇಳಿ, ಬಯಾಸ್ ಅಪ್‌ಡೇಟ್ ಮೂಲಕ ಮೈಕ್ರೊಕೋಡ್ ಎಂಬ ಪ್ರೊಸೆಸರಿನ ಒಳಗಿನ ಆದೇಶಗಳ ಹೊಸ ಆವೃತ್ತಿ ಕೊಟ್ಟಿತು. ಅಪ್‌ಡೇಟ್‌ಗೆ ಮುಂಚೆಯೇ ಹಾನಿಯಾದ ಪ್ರೊಸೆಸರ್ ಅದರಿಂದ ಸರಿಹೋಗುವುದಿಲ್ಲ, ಬದಲಾಯಿಸಿಕೊಳ್ಳಬೇಕು. ಅಂಥ ಯಂತ್ರದಲ್ಲಿ ಟೆಕ್ಸ್‌ಚರ್ ಇಳಿಸಿದರೂ ರೆಸಲ್ಯೂಶನ್ ಇಳಿಸಿದರೂ ಆಟ ಬೀಳುತ್ತಲೇ ಇರುತ್ತದೆ.