ಫ್ಲಿಕ್ ಹೊಡೆಯುವವನು, ಎದುರು ಓಡುವವನು

ಹಾಕಿಯಲ್ಲಿ ತಡೆಯುವ ತಂಡದ ತಪ್ಪಿಗೆ ಎದುರಾಳಿಗೆ ಸಿಗುವ ಗೋಲಿನ ಅವಕಾಶ, ಅಂದರೆ ಪೆನಾಲ್ಟಿ ಕಾರ್ನರ್, ಟಿವಿಯಲ್ಲಿ ಬಂದಾಗ ನಮ್ಮ ಕಣ್ಣೆಲ್ಲ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಚಿಮ್ಮಿಸುವ, ಅಂದರೆ ಫ್ಲಿಕ್ ಹೊಡೆಯುವವನ ಮೇಲೇ ಇರುತ್ತದೆ. ಅದೇ ಹೊತ್ತಿಗೆ ಗೋಲಿನೊಳಗಿಂದ ಮುಖಕ್ಕೆ ಮಾಸ್ಕ್ ಹಾಕಿಕೊಂಡ ಒಬ್ಬ ಆಟಗಾರ ಚೆಂಡಿನ ಕಡೆಗೇ ನುಗ್ಗಿ ಬರುತ್ತಿರುತ್ತಾನೆ. ಅವನು ಫಸ್ಟ್ ರಷರ್. ಇವರಿಬ್ಬರ ನಡುವೆ ನಡೆಯುವುದು ಹೆಚ್ಚುಕಡಿಮೆ ಎರಡು ಸೆಕೆಂಡಿನ ಆಟ. ಆ ಎರಡು ಸೆಕೆಂಡನ್ನು ಬಿಡಿಸಿ ನೋಡಿದರೆ ಕಾರ್ನರ್‌ನ ನಿಯಮಗಳೆಲ್ಲ ಯಾಕೆ ಹಾಗಿವೆ ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಯಾರು ಎಲ್ಲಿ ನಿಲ್ಲುತ್ತಾರೆ ಅಂತ ನೋಡೋಣ. ಗೋಲಿನ ಮುಂದೆ ಅರ್ಧ ವೃತ್ತದ ಹಾಗೆ ಕಾಣುವ ಗೆರೆಯೇ ಡಿ. ಗೋಲಿನಿಂದ ಅದರ ತುದಿಗೆ 14.63 ಮೀಟರ್. ಗೋಲಿನ ಅಗಲ 3.66 ಮೀಟರ್, ಎತ್ತರ 2.14 ಮೀಟರ್. ದಾಳಿ ಮಾಡುವ ತಂಡದ ಒಬ್ಬ, ಗೋಲ್ ಕಂಬದಿಂದ ಕನಿಷ್ಠ 10 ಮೀಟರ್ ಆಚೆ, ಹಿಂದಿನ ಗೆರೆಯ ಮೇಲೆ ಚೆಂಡಿಟ್ಟು ಡಿ ತುದಿಯ ಕಡೆಗೆ ತಳ್ಳುತ್ತಾನೆ. ಅವನು ಇಂಜೆಕ್ಟರ್. ಅವನ ಜೊತೆಗಾರರೆಲ್ಲ ಡಿ ಹೊರಗೆ ಕಾಯಬೇಕು. ಕಾಲಷ್ಟೇ ಅಲ್ಲ, ಸ್ಟಿಕ್ ಕೂಡ ಒಳಗಿನ ನೆಲ ಮುಟ್ಟಬಾರದು. ತಡೆಯುವ ತಂಡಕ್ಕೆ ಗೋಲ್‌ಕೀಪರ್ ಸೇರಿ ಐದೇ ಜನ. ಕೀಪರ್ ಗೋಲಿನೊಳಗೆ, ಉಳಿದವರು ಹಿಂದಿನ ಗೆರೆಯ ಆಚೆ. ತಂಡದ ಮಿಕ್ಕವರೆಲ್ಲ ಮೈದಾನದ ಮಧ್ಯದ ಗೆರೆ ದಾಟಿ ಹೋಗಿ ನಿಲ್ಲಬೇಕು. ಇಂಜೆಕ್ಟರ್ ಚೆಂಡು ಆಡುವ ತನಕ ಯಾರೂ ತಮ್ಮ ಗೆರೆ ದಾಟುವ ಹಾಗಿಲ್ಲ.

ಇಲ್ಲಿಂದ ಗಡಿಯಾರ ಶುರು. ಚೆಂಡು ಸುಮಾರು 19 ಮೀಟರ್ ಉರುಳಬೇಕು. ಒಳ್ಳೆಯ ಇಂಜೆಕ್ಟರ್ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ತಳ್ಳಿದ ಅಂತಿಟ್ಟುಕೊಂಡರೆ 1.3 ಸೆಕೆಂಡ್ ಅಲ್ಲಿಗೇ ಹೋಯಿತು. ಡಿ ಹೊರಗೆ ಸ್ಟಾಪರ್ ಬಗ್ಗಿ ಸ್ಟಿಕ್ ಅಡ್ಡ ಮಲಗಿಸಿ ಚೆಂಡು ನಿಲ್ಲಿಸುತ್ತಾನೆ. ಚೆಂಡು ಒಮ್ಮೆ ಡಿ ಹೊರಗೆ ಹೋಗಿ ಬರದೆ ಗೋಲು ಲೆಕ್ಕಕ್ಕಿಲ್ಲ. ಫ್ಲಿಕ್ಕರ್ ಚೆಂಡನ್ನು ಸ್ಟಿಕ್ಕಿಗೆ ತೆಗೆದುಕೊಂಡು, ಡಿ ಒಳಕ್ಕೆ ಎಳೆದು ಬಿಡುವಷ್ಟರಲ್ಲಿ ಇನ್ನೂ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಒಟ್ಟು 1.9 ಸೆಕೆಂಡ್.

ಇಷ್ಟು ಕಷ್ಟಪಟ್ಟು ಎಳೆಯುವುದು ಯಾಕೆ, ಸುಮ್ನೆ ಜೋರಾಗಿ ಬಾರಿಸಬಾರದಾ? ಬಾರಿಸಬಹುದು. ಸ್ಟಿಕ್ ಬೀಸಿ ಹೊಡೆದರೆ ವೇಗವೂ ಹೆಚ್ಚು. ಆದರೆ ಕಾರ್ನರ್‌ನ ಮೊದಲ ಹೊಡೆತ ಬೀಸಿ ಹೊಡೆದದ್ದಾದರೆ, ಚೆಂಡು ಗೋಲ್ ಗೆರೆ ದಾಟುವಾಗ 460 ಮಿಲಿಮೀಟರ್‌ಗಿಂತ ಮೇಲಿರಬಾರದು. ಗೋಲಿನ ಹಿಂದೆ ಕೆಳಗಡೆ ಹಲಗೆ ಇರುತ್ತದಲ್ಲ, ಅದರ ಎತ್ತರ ಅಷ್ಟೇ. ಹಲಗೆಗೆ ಬಿದ್ದು ಡಬ್ ಅಂದರೆ ಗೋಲು. ಅದಕ್ಕಿಂತ ಮೇಲೆ ಹೋದರೆ ಇಲ್ಲ. ಫ್ಲಿಕ್‌ಗೆ ಈ ಮಿತಿ ಇಲ್ಲ. ಅಪಾಯಕಾರಿ ಆಗದಿದ್ದರೆ ಯಾವ ಎತ್ತರಕ್ಕಾದರೂ ಎತ್ತಬಹುದು. ಹಾಗಾಗಿ 2.14 ಮೀಟರ್ ಎತ್ತರದ ಗೋಲು ಪೂರ್ತಿ ತೆರೆದುಕೊಳ್ಳುತ್ತದೆ. ಕೀಪರ್ ಕೆಳಗೆ ಮಲಗಿದರೆ ಮೇಲಿನ ಮೂಲೆ ಖಾಲಿ, ನಿಂತರೆ ಕೆಳಗೆ ಖಾಲಿ. ಹೀಗೆ ಎಳೆದು ಬಿಡುವ ಡ್ರ್ಯಾಗ್ ಫ್ಲಿಕ್ ಇಷ್ಟು ಬೆಳೆದದ್ದಕ್ಕೆ ಈ ಒಂದು ನಿಯಮವೇ ಕಾರಣ ಅಂದರೂ ತಪ್ಪಿಲ್ಲ.

ಈಗ ಎಳೆತ ಹೇಗೆ ಅನ್ನುವುದು. ಫ್ಲಿಕ್ಕರ್ ಓಡಿ ಬಂದು ಎಡ ಭುಜವನ್ನು ಗೋಲಿನ ಕಡೆ ತಿರುಗಿಸುತ್ತಾನೆ. ಬಲಗಾಲು ಎಡಗಾಲಿನ ಹಿಂದಿನಿಂದ ಅಡ್ಡ ದಾಟುತ್ತದೆ. ಆಗ ಚೆಂಡು ಬಲಗಾಲಿನ ಹತ್ತಿರ, ಮೈಯ ಹಿಂದೆ ಉಳಿಯುತ್ತದೆ. ಸ್ಟಿಕ್ಕಿನ ಬಾಗಿದ ತುದಿಯಿಂದ ಸ್ವಲ್ಪ ಮೇಲೆ, ದಂಡದ ಮೇಲೆ ಚೆಂಡು ಕೂರಬೇಕು. ಆಮೇಲೆ ಎಡಗಾಲಿನ ಒಂದು ಉದ್ದ ಹೆಜ್ಜೆ. ಸೊಂಟ ನೆಲದ ಹತ್ತಿರಕ್ಕೆ ಇಳಿಯುತ್ತದೆ. ಮೊದಲು ಸೊಂಟ ತಿರುಗುತ್ತದೆ, ಹಿಂದೆಯೇ ಎದೆ, ಭುಜ, ತೋಳು, ಕೊನೆಗೆ ಮಣಿಕಟ್ಟು. ಅಷ್ಟು ಹೊತ್ತೂ ಚೆಂಡು ಸ್ಟಿಕ್ಕಿಗೆ ಅಂಟಿಕೊಂಡೇ ಇದ್ದು, ದಂಡದಿಂದ ಬಾಗಿದ ತುದಿಯ ಕಡೆಗೆ ಜಾರುತ್ತಾ ಅಲ್ಲಿಂದ ಚಿಮ್ಮುತ್ತದೆ. ನಮ್ಮ ಕಡೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವುದನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಕಲ್ಲಿಗೆ ಪೆಟ್ಟು ಬೀಳುವುದಿಲ್ಲ, ಕಲ್ಲನ್ನು ಹೊತ್ತು ತಿರುಗಿಸಿ ಬಿಡುತ್ತಾರೆ.

ಒಂದು ಚಿಕ್ಕ ಲೆಕ್ಕ ಮಾಡೋಣ. ಚೆಂಡಿನ ತೂಕ ಸುಮಾರು 160 ಗ್ರಾಂ. ಎಳೆಯುವ ದೂರ 2 ಮೀಟರ್, ಬಿಡುವಾಗಿನ ವೇಗ ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ವೇಗ ಒಂದೇ ಸಮನೆ ಏರಿದರೆ ಈ ಎಳೆತಕ್ಕೆ 0.16 ಸೆಕೆಂಡ್ ಹಿಡಿಯುತ್ತದೆ. ಚೆಂಡಿನ ಮೇಲೆ ಬೀಳುವ ಬಲ ಸುಮಾರು 25 ನ್ಯೂಟನ್. ಎರಡೂವರೆ ಕಿಲೋ ಅಕ್ಕಿ ಚೀಲ ಎತ್ತುವಷ್ಟೇ! ಬಲ ಅಷ್ಟೇನಿಲ್ಲ. ಆದರೆ ಅದು ಇಡೀ 2 ಮೀಟರ್ ಬಿಡದೆ ಹಿಂದೆ ಬೀಳಬೇಕು. ಎಳೆತ 1 ಮೀಟರ್‌ಗೆ ಇಳಿದರೆ, ಅದೇ ಬಲಕ್ಕೆ ವೇಗ ಗಂಟೆಗೆ 64 ಕಿಲೋಮೀಟರ್‌ಗೆ ಬೀಳುತ್ತದೆ. ಆ ಉದ್ದ ಹೆಜ್ಜೆ, ಆ ಬಗ್ಗಿದ ಸೊಂಟ ಎಲ್ಲ ಇದಕ್ಕೇ.

ತಪ್ಪು ಎಲ್ಲಾಯಿತು ಅನ್ನುವುದನ್ನು ಕಿವಿಯಿಂದಲೇ ಹಿಡಿಯಬಹುದು. ಬಳ್ಳಾರಿಯಲ್ಲಿ, ಕೋಟೆ ಗುಡ್ಡ ಕಾಣುವ ಒಂದು ಮಣ್ಣಿನ ಮೈದಾನದಲ್ಲಿ, ಬಿಸಿಲೇರುವ ಮೊದಲು ಹುಡುಗರು ಇದನ್ನೇ ಕಲಿಯುತ್ತಿದ್ದರು. ಒಬ್ಬ ಎಳೆದಾಗ "ಟಕ್" ಅಂತ ಸದ್ದು ಬಂತು. ಪಿಟಿ ಸರ್ ಅತ್ತ ತಿರುಗಿಯೂ ನೋಡಲಿಲ್ಲ. "ಬಡದಿ ನೋಡಪಾ, ಎಳೀಲಿಲ್ಲ" ಅಂದರು. ಎಳೆತ ಸರಿಯಿದ್ದರೆ ಸದ್ದೇ ಬರುವುದಿಲ್ಲ. ಟಕ್ ಅಂದರೆ ಚೆಂಡು ಮಧ್ಯದಲ್ಲಿ ಸ್ಟಿಕ್ ಬಿಟ್ಟು ಮುಂದೆ ಹೋಗಿ, ಸ್ಟಿಕ್ ಮತ್ತೆ ಅದಕ್ಕೆ ಬಡಿದಿದೆ ಅಂತ ಅರ್ಥ. ವೇಗವೂ ಹೋಯಿತು, ಗುರಿಯೂ ಹೋಯಿತು. ಅಂಪೈರ್ ಅದನ್ನು ಬೀಸಿದ ಹೊಡೆತ ಅಂದುಕೊಂಡರೆ ಆ 460 ಮಿಲಿಮೀಟರ್ ಮಿತಿಯೂ ಬಂದು ಕೂರುತ್ತದೆ.

ಹುಡುಗನ ತಪ್ಪು ಅರ್ಧ, ನೆಲದ ತಪ್ಪು ಅರ್ಧ. ಮಣ್ಣಲ್ಲಿ ಒಂದು ಸಣ್ಣ ಕಲ್ಲು ಸಿಕ್ಕರೂ ಚೆಂಡು ಪುಟಿಯುತ್ತದೆ, ಸ್ಟಾಪರ್ ಸ್ಟಿಕ್ ಮೇಲೆಯೇ ಹಾರಿ ಹೋಗುತ್ತದೆ. ಎಳೆಯುವಾಗ ಸ್ಟಿಕ್ ನೆಲಕ್ಕೆ ತಾಗಿ ತಡೆಯುತ್ತದೆ. ನೀರು ಹಾಯಿಸಿದ ಟರ್ಫ್ ಮೇಲೆ ಚೆಂಡು ಸಪಾಟಾಗಿ ಜಾರುತ್ತದೆ. ಡ್ರ್ಯಾಗ್ ಫ್ಲಿಕ್ ಮೂಲತಃ ಟರ್ಫ್‌ನ ಕಲೆ. ಮಣ್ಣಲ್ಲಿ ಕಲಿತವನಿಗೆ ಕಾಲಿನ ಲೆಕ್ಕ ಬರುತ್ತದೆ, ವೇಗ ಬರಲು ಟರ್ಫ್ ಬೇಕೇ ಬೇಕು.

ಈಗ ಎದುರು ಓಡುವವನ ಕಡೆ ಬರೋಣ. ಚೆಂಡು ಹೊರಟದ್ದು ಕಂಡು ಕಾಲು ಏಳುವಷ್ಟರಲ್ಲಿ ಅವನಿಗೆ 0.2 ಸೆಕೆಂಡ್ ಹೋಗಿರುತ್ತದೆ. ಉಳಿದದ್ದು 1.7 ಸೆಕೆಂಡ್. ನಿಂತಲ್ಲಿಂದ ಓಡಿದರೆ ಚುರುಕಾದ ಆಟಗಾರ ಅಷ್ಟರಲ್ಲಿ 8 ಮೀಟರ್‌ಗಿಂತ ತುಸು ಜಾಸ್ತಿ ದಾಟುತ್ತಾನೆ. ಫ್ಲಿಕ್ಕರ್ ಚೆಂಡನ್ನು ಒಳಗೆ ಎಳೆದು ಬಿಡುವ ಜಾಗ ಗೋಲಿನಿಂದ ಸುಮಾರು 13 ಮೀಟರ್. ಇಬ್ಬರ ನಡುವೆ ಉಳಿಯುವುದು ನಾಲ್ಕೂವರೆ, ಐದು ಮೀಟರ್. ಎದುರೆದುರು ಬರುವ ವೇಗ ಸೇರಿಸಿದರೆ ಚೆಂಡು ಅವನನ್ನು ತಲುಪಲು 0.15 ಸೆಕೆಂಡ್ ಸಾಕು. ನೋಡಿ ತಡೆಯುವುದು ಮನುಷ್ಯನ ಕೈಯಲ್ಲಿ ಆಗದ ಕೆಲಸ. ಹಾಗಾಗಿ ರಷರ್ ನೋಡಿ ತಡೆಯುವುದೇ ಇಲ್ಲ. ಒಂದು ದಿಕ್ಕನ್ನು ಮೊದಲೇ ಆರಿಸಿಕೊಂಡು, ಸ್ಟಿಕ್ ನೆಲಕ್ಕೆ ತಗ್ಗಿಸಿ, ಆ ಗೆರೆಯನ್ನೇ ಮುಚ್ಚಿಕೊಂಡು ಓಡುತ್ತಾನೆ. ಇನ್ನೊಂದು ದಿಕ್ಕು ಕೀಪರ್‌ಗೆ. ಫ್ಲಿಕ್ ಬಿಟ್ಟ ಮೇಲೆ ಕೀಪರ್‌ಗೂ ಸಿಗುವುದು ಅರ್ಧ ಸೆಕೆಂಡ್ ಮಾತ್ರ. ಅರ್ಧ ಗೋಲು ಕಾಯುವುದಾದರೆ ಅಷ್ಟರಲ್ಲಿ ಸಾಧ್ಯ, ಪೂರ್ತಿ ಗೋಲು ಕಾಯಲು ಆಗಲ್ಲ.

ನಿಯಮ ಪುಸ್ತಕದಲ್ಲಿ 5 ಮೀಟರ್ ಅನ್ನುವ ಗಡಿ ಬರುವುದೂ ಇಲ್ಲೇ. ಮೊದಲ ಹೊಡೆತಕ್ಕೆ 5 ಮೀಟರ್ ಒಳಗಿರುವ ಡಿಫೆಂಡರ್‌ನ ಮೊಣಕಾಲಿನ ಕೆಳಗೆ ಚೆಂಡು ಬಡಿದರೆ ಇನ್ನೊಂದು ಪೆನಾಲ್ಟಿ ಕಾರ್ನರ್. ಅವನು ಸಹಜವಾಗಿ ನಿಂತ ಭಂಗಿಯಲ್ಲಿದ್ದು ಮೊಣಕಾಲಿಗೆ ಅಥವಾ ಅದಕ್ಕೂ ಮೇಲೆ ಬಡಿದರೆ ಹೊಡೆತವೇ ಅಪಾಯಕಾರಿ, ತಡೆಯುವ ತಂಡಕ್ಕೆ ಫ್ರೀ ಹಿಟ್. ಅಂದರೆ ಅದೇ ರಷರ್, ಅದೇ ಚೆಂಡು, ಒಂದು ಗೇಣು ಮೇಲೆ ಕೆಳಗೆ ಆದರೆ ತೀರ್ಪು ಪೂರ್ತಿ ಉಲ್ಟಾ. ಆದರೆ ಸ್ಟಿಕ್ಕಿನಿಂದ ಆಡುವ ಪ್ರಯತ್ನವೇ ಇಲ್ಲದೆ ಮೈಯನ್ನೇ ಅಡ್ಡ ಕೊಟ್ಟು ನುಗ್ಗಿದರೆ ಅದು ರಷರ್‌ನ ಅಪಾಯಕಾರಿ ಆಟ, ಶಿಕ್ಷೆ ಅವನಿಗೇ. ಧೈರ್ಯಕ್ಕೆ ಮಾರ್ಕ್ಸ್ ಇಲ್ಲ, ಇದು ಒಳ್ಳೆಯ ನಿಯಮ ಅಂತ ನನ್ನ ಅನಿಸಿಕೆ.

ಕಾಲು ಸೆಕೆಂಡ್ ಮೊದಲೇ ಹೊರಟರೆ ಒಂದೂವರೆ ಮೀಟರ್ ಲಾಭ. ಆಸೆ ಆಗುತ್ತೆ ಅಲ್ವಾ? ಅದಕ್ಕೇ ದಂಡವೂ ಜೋರು. ಮೊದಲೇ ಗೆರೆ ದಾಟಿದ ಡಿಫೆಂಡರ್ ಮಧ್ಯದ ಗೆರೆಯ ಆಚೆ ಹೋಗಬೇಕು, ಅವನ ಜಾಗಕ್ಕೆ ಇನ್ನೊಬ್ಬ ಬರುವಂತಿಲ್ಲ. ಐದರ ಬದಲು ನಾಲ್ವರು ತಡೆಯಬೇಕು. ಕೀಪರ್ ಮೊದಲೇ ಹೊರಟರೆ ಕೀಪರ್ ಉಳಿಯುತ್ತಾನೆ, ತಂಡ ಬೇರೊಬ್ಬನನ್ನು ಕಳಿಸಬೇಕು. ಇಂಜೆಕ್ಟರ್ ತಳ್ಳುವ ಹಾಗೆ ನಟಿಸಿ ಮೋಸ ಮಾಡಿದರೆ ಅವನೂ ಆಚೆ. ಆದರೆ ಅವನ ಬದಲು ಬೇರೊಬ್ಬ ಬಂದು ತಳ್ಳಬಹುದು. ರಷರ್ ಮಾಸ್ಕ್, ಮೊಣಕಾಲು ಕವಚ ಹಾಕಿಕೊಂಡೇ ಚೆಂಡು ಕಸಿದು ಪಾಸ್ ಕೊಡಬಹುದು, ಆದರೆ ಹಿಂದಿನ ಗೆರೆಯಿಂದ 23 ಮೀಟರ್ ದೂರದಲ್ಲಿರುವ ಗೆರೆಯ ಆಚೆ ಅದನ್ನು ಹಾಕಿಕೊಂಡು ಆಡುವಂತಿಲ್ಲ.

ಭಾರತ ತಂಡದಲ್ಲಿ ಈ ಎರಡೂ ಕೆಲಸಕ್ಕೆ ಹೆಸರಾದವರು ಇದ್ದಾರೆ. ಫ್ಲಿಕ್‌ಗೆ ಹರ್ಮನ್‌ಪ್ರೀತ್ ಸಿಂಗ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 10 ಗೋಲು ಹೊಡೆದರು. ಸ್ಪೇನ್ ವಿರುದ್ಧದ ಕಂಚಿನ ಪಂದ್ಯ 2-1ರಲ್ಲಿ ಗೆದ್ದಾಗ ಎರಡೂ ಗೋಲು ಅವರದ್ದೇ, ಎರಡೂ ಪೆನಾಲ್ಟಿ ಕಾರ್ನರ್‌ನಿಂದ. ಅವರಿಗಿಂತ ಮೊದಲು ನಮ್ಮ ಕೊಡಗಿನ ವಿ.ಆರ್. ರಘುನಾಥ್ ಇದೇ ಕೆಲಸ ಮಾಡುತ್ತಿದ್ದರು. ಓಡುವವರಲ್ಲಿ ಅಮಿತ್ ರೋಹಿದಾಸ್. ಪ್ಯಾರಿಸ್‌ನಲ್ಲಿ ಬ್ರಿಟನ್ ವಿರುದ್ಧ ಕೆಂಪು ಕಾರ್ಡ್ ಸಿಕ್ಕಿ ಜರ್ಮನಿ ಎದುರಿನ ಸೆಮಿಫೈನಲ್‌ಗೆ ಅವರು ಇರಲಿಲ್ಲ. ಭಾರತ 2-3ರಲ್ಲಿ ಸೋತಿತು. ಅವರಿದ್ದಿದ್ದರೆ ಗೆಲ್ಲುತ್ತಿತ್ತು ಅಂತ ಹೇಳಲಾಗದು, ಆದರೆ ಕಾರ್ನರ್ ಸಿಕ್ಕಾಗ ಜರ್ಮನ್ ಫ್ಲಿಕ್ಕರ್‌ಗೆ ಎದುರು ಓಡಿ ಬಂದವರು ಬೇರೆಯವರು.

ರಷರ್ ತುಂಬಾ ಚುರುಕಾದರೆ ದಾಳಿಯವರು ದಾರಿ ಬದಲಿಸುತ್ತಾರೆ. ಫ್ಲಿಕ್ಕರ್ ಎಳೆಯುವ ಹಾಗೆ ಬಗ್ಗಿ, ಕೊನೇ ಕ್ಷಣದಲ್ಲಿ ಪಕ್ಕದವನಿಗೆ ಚೆಂಡು ಜಾರಿಸುತ್ತಾನೆ. ರಷರ್ ಖಾಲಿ ಜಾಗಕ್ಕೆ ಓಡಿ ಹೋಗಿರುತ್ತಾನೆ. ಆಗ ಅವನ ಹಿಂದೆ ಎರಡು ಹೆಜ್ಜೆ ತಡವಾಗಿ ಬರುವ ಎರಡನೇ ರಷರ್‌ನ ಕೆಲಸ ಶುರು.