ಮೂವತ್ತು ವರ್ಷದ ಬೆಳವಣಿಗೆಯನ್ನು ಮೂವತ್ತರಿಂದ ಭಾಗಿಸಬೇಡಿ

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ನಾನು ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಎಷ್ಟೋ ವರ್ಷಗಳಿಂದ ಒಂದೇ ತಪ್ಪನ್ನು ತಿದ್ದುತ್ತಾ ಬಂದಿದ್ದೇನೆ. ಒಂದು ದೇಶದ ಉತ್ಪನ್ನ ಮೂವತ್ತು ವರ್ಷದಲ್ಲಿ ಶೇ. 180 ಹೆಚ್ಚಿತು ಎಂದರೆ ಸಾಕು, ತಕ್ಷಣ ಮೂವತ್ತರಿಂದ ಭಾಗಿಸಿ "ವರ್ಷಕ್ಕೆ ಶೇ. 6" ಎಂದು ಬರೆಯುತ್ತಾರೆ. ಹೋದ ತಿಂಗಳು ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಯಾಕ್ರೀ ಸರ್, ಭಾಗ್ಸಿದ್ರ ಏನ್ ತಪ್ಪು?" ಕೇಳಿದ್ದು ಒಳ್ಳೆಯದಾಯಿತು. ಉಳಿದವರು ಕೇಳುವುದೂ ಇಲ್ಲ, ಸುಮ್ನೆ ಭಾಗಿಸಿಬಿಡುತ್ತಾರೆ.

ಬೋರ್ಡಿನ ಮೇಲೆ ನಮ್ಮ ಜನಗಣತಿಯ ಅಂಕಿ ಬರೆದೆ. 1951ರಲ್ಲಿ ಭಾರತದ ಜನಸಂಖ್ಯೆ 36.1 ಕೋಟಿ. 1981ರಲ್ಲಿ 68.3 ಕೋಟಿ. ಮೂವತ್ತು ವರ್ಷದಲ್ಲಿ ಸುಮಾರು ಶೇ. 89 ಏರಿಕೆ. ಭಾಗಿಸಿದರೆ ವರ್ಷಕ್ಕೆ ಹತ್ತಿರ ಹತ್ತಿರ ಶೇ. 3 ಬರುತ್ತದೆ.

ಈಗ 70ರ ನಿಯಮ ಹಾಕಿ ನೋಡೋಣ. ಯಾವುದೇ ಮೊತ್ತ ವರ್ಷಕ್ಕೆ ಶೇ. ಎಷ್ಟು ಬೆಳೆಯುತ್ತದೋ ಆ ಸಂಖ್ಯೆಯಿಂದ 70ನ್ನು ಭಾಗಿಸಿದರೆ, ಅದು ಎರಡರಷ್ಟಾಗಲು ಎಷ್ಟು ವರ್ಷ ಬೇಕೆಂದು ಸಿಗುತ್ತದೆ. ಶೇ. 3 ಎಂದರೆ 23 ವರ್ಷ ಚಿಲ್ಲರೆ. ಹಾಗಿದ್ದರೆ ನಮ್ಮ ಜನಸಂಖ್ಯೆ 1975ರ ಒಳಗೇ 72 ಕೋಟಿ ಆಗಬೇಕಿತ್ತು. 1981ರ ಗಣತಿಯಲ್ಲೂ ಆಗಿರಲಿಲ್ಲ. ಅಂದರೆ ಶೇ. 3 ಅನ್ನುವುದೇ ತಪ್ಪು. ಕ್ಯಾಲ್ಕುಲೇಟರ್ ಇಲ್ಲದೆಯೇ ತಪ್ಪು ಸಿಕ್ಕಿಬಿದ್ದಿತು.

ತಪ್ಪು ಎಲ್ಲಿದೆ? ಭಾಗಿಸಿದಾಗ ಪ್ರತಿ ವರ್ಷವೂ ಒಂದೇ ಗಾತ್ರದ ತುಂಡು ಸೇರುತ್ತದೆ ಎಂದು ನಾವು ಒಪ್ಪಿಕೊಂಡ ಹಾಗಾಗುತ್ತದೆ, ಇಲ್ಲಿ ವರ್ಷಕ್ಕೆ ಸುಮಾರು 1.07 ಕೋಟಿ. ಗಣತಿ ಹಾಗೆ ಹೇಳುವುದಿಲ್ಲ. 1951ರಿಂದ 1961ರವರೆಗೆ ಸೇರಿದ್ದು 7.8 ಕೋಟಿ. 1971ರಿಂದ 1981ರವರೆಗೆ ಸೇರಿದ್ದು 13.5 ಕೋಟಿ. ಸೇರಿದವರಿಗೂ ಮಕ್ಕಳಾಗುತ್ತವೆ, ಅಲ್ವಾ? ಬೆಳೆದದ್ದು ತಾನೂ ಬೆಳೆಸುತ್ತದೆ. ಹಾಗಾಗಿ ದರ ಸಣ್ಣದಿದ್ದರೂ ಅಷ್ಟು ದೊಡ್ಡ ಮೊತ್ತಕ್ಕೆ ತಲುಪಬಹುದು. ಸರಿಯಾದ ಲೆಕ್ಕ ಹೀಗೆ:

```
(68.3 / 36.1)^(1/30) - 1 = 0.0215
```

ಕೊನೆಯ ಅಂಕಿಯನ್ನು ಮೊದಲಿನದರಿಂದ ಭಾಗಿಸಿ, ಅದರ ಮೂವತ್ತನೇ ಮೂಲ ತೆಗೆದು, ಒಂದನ್ನು ಕಳೆಯಿರಿ. ವರ್ಷಕ್ಕೆ ಶೇ. 2.15. ಇದರಿಂದ 70ನ್ನು ಭಾಗಿಸಿದರೆ 32 ವರ್ಷ ಆರು ತಿಂಗಳು. 1981ಕ್ಕೆ ಇನ್ನೂ ಎರಡರಷ್ಟಾಗಿರಲಿಲ್ಲ ಎಂಬುದಕ್ಕೆ ಇದು ಹೊಂದುತ್ತದೆ.

ಆ ಹುಡುಗಿ ಮನೆಗೆ ಹೋಗಿ ಅವ್ವನ ಮುಂದೆ ಇದನ್ನೆಲ್ಲ ಹೇಳಿದಳಂತೆ. ಅವ್ವ ಓದಿದವರಲ್ಲ, ಆದರೆ ಸಾಲ ಮಾಡಿ ತೀರಿಸಿದವರು. "ಇದ್ರಾಗ ಏನೈತಿ? ಎರಡ್ ರೂಪಾಯಿ ಬಡ್ಡಿ ಕಟ್ಟದ ಬಿಟ್ರ ಮೂರ್ ವರ್ಷದಾಗ ಸಾಲ ಡಬಲ್ ಆಗ್ತೈತಿ" ಅಂದರಂತೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ, ಬಡ್ಡಿಗೆ ಬಡ್ಡಿ. 70ನ್ನು ಎರಡರಿಂದ ಭಾಗಿಸಿದರೆ 35 ತಿಂಗಳು. ಸರಳ ಬಡ್ಡಿಯಾಗಿದ್ದರೆ 50 ತಿಂಗಳು ಬೇಕಿತ್ತು. ಆ ತಾಯಿಗೆ ಅನುಭವದಿಂದ ಗೊತ್ತಿದ್ದದ್ದು ನನ್ನ ಮಕ್ಕಳಿಗೆ ಪುಸ್ತಕದಿಂದ ಬರುತ್ತಿಲ್ಲ. ಅದು ನನಗೆ ನಿಜವಾಗಿ ಬೇಸರದ ಸಂಗತಿ.

ಈಗ ದೇಶಗಳಿಗೆ ಬರೋಣ. 1950ರಿಂದ 1980ರವರೆಗೆ ಭಾರತದ ಉತ್ಪನ್ನ, ಬೆಲೆ ಏರಿಕೆಯನ್ನು ಕಳೆದು, ವರ್ಷಕ್ಕೆ ಸುಮಾರು ಶೇ. 3.5 ಬೆಳೆಯಿತು. ಅರ್ಥಶಾಸ್ತ್ರಜ್ಞ ರಾಜ್ ಕೃಷ್ಣ ಇದನ್ನೇ 'ಹಿಂದೂ ಬೆಳವಣಿಗೆ ದರ' ಎಂದು ಕರೆದರು. 70ನ್ನು 3.5ರಿಂದ ಭಾಗಿಸಿದರೆ 20 ವರ್ಷಕ್ಕೆ ಉತ್ಪನ್ನ ಎರಡರಷ್ಟು. ಕೇಳಲು ಚೆನ್ನಾಗಿಯೇ ಇದೆ. ಆದರೆ ತಿನ್ನುವ ಬಾಯಿಗಳೂ ಶೇ. 2.15ರಂತೆ ಹೆಚ್ಚುತ್ತಿದ್ದವು. ಒಬ್ಬರ ಪಾಲಿಗೆ ಉಳಿದ ಏರಿಕೆ ವರ್ಷಕ್ಕೆ ಸುಮಾರು ಶೇ. 1.3 ಮಾತ್ರ. ಅದರಿಂದ 70ನ್ನು ಭಾಗಿಸಿ: ತಲಾ ಆದಾಯ ಎರಡರಷ್ಟಾಗಲು ಹತ್ತಿರ ಹತ್ತಿರ 54 ವರ್ಷ. ಮೂವತ್ತು ವರ್ಷದಲ್ಲಿ ನೂರು ರೂಪಾಯಿ ನೂರ ನಲವತ್ತೆಂಟರ ಆಸುಪಾಸಿಗೆ ಬಂತು, ಅಷ್ಟೇ.

ದಕ್ಷಿಣ ಕೊರಿಯಾದಲ್ಲಿ 1960ರಿಂದ 1990ರವರೆಗೆ ತಲಾ ಆದಾಯ ಸುಮಾರು ಏಳು ಪಟ್ಟು ಆಯಿತು. ಮೂವತ್ತನೇ ಮೂಲ ತೆಗೆದರೆ ವರ್ಷಕ್ಕೆ ಶೇ. 6.7. 70ನ್ನು ಭಾಗಿಸಿದರೆ ಹತ್ತು ವರ್ಷ ಚಿಲ್ಲರೆ. ನಮ್ಮಲ್ಲಿ ಒಮ್ಮೆ ಎರಡರಷ್ಟಾಗುವ ಹೊತ್ತಿಗೆ ಅಂಥ ವೇಗದ ದೇಶದಲ್ಲಿ ಐದು ಸಲ ಎರಡರಷ್ಟಾಗಿರುತ್ತದೆ. ಐದು ಸಲ ಅಂದರೆ ಹತ್ತು ಪಟ್ಟು ಎಂದು ಬರೆಯಬೇಡಿ. ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಮೂವತ್ತೆರಡು ಪಟ್ಟು.

ಭಾಗಿಸುವವರು ಇಲ್ಲಿ ಏನು ಮಾಡುತ್ತಾರೆ ನೋಡಿ. ಕೊರಿಯಾದ್ದು ಶೇ. 600 ಏರಿಕೆ, ಮೂವತ್ತರಿಂದ ಭಾಗಿಸಿ ವರ್ಷಕ್ಕೆ ಶೇ. 20 ಎನ್ನುತ್ತಾರೆ. ಭಾರತದ್ದು ಶೇ. 48, ಹಾಗಾಗಿ ವರ್ಷಕ್ಕೆ ಶೇ. 1.6. ಭಾರತದ ದರ ಸ್ವಲ್ಪ ಉಬ್ಬಿತು, ಕೊರಿಯಾದ್ದು ಮೂರು ಪಟ್ಟು ಉಬ್ಬಿತು. ನಿಜವಾದ ದರಗಳಲ್ಲಿ ಒಂದಕ್ಕೆ ಐದರ ಅಂತರವಿದ್ದರೆ, ಇವರ ಲೆಕ್ಕದಲ್ಲಿ ಒಂದಕ್ಕೆ ಹನ್ನೆರಡು ದಾಟುತ್ತದೆ. ಎರಡರಲ್ಲೂ ಒಂದೇ ತಪ್ಪು ಮಾಡಿದ್ದೇವೆ, ಹಾಗಾಗಿ ಹೋಲಿಕೆ ಸರಿಯಾಗಿಯೇ ಇರುತ್ತದೆ ಎಂದು ವಾದಿಸುವವರಿದ್ದಾರೆ. ಇಲ್ಲ. ವೇಗ ಜಾಸ್ತಿಯಾದಷ್ಟೂ ತಪ್ಪೂ ಜಾಸ್ತಿ. ನಿಜವಾಗಿಯೂ ವರ್ಷಕ್ಕೆ ಶೇ. 20ರಂತೆ ಮೂವತ್ತು ವರ್ಷ ಬೆಳೆದಿದ್ದರೆ ಕೊರಿಯಾ ಇನ್ನೂರು ಪಟ್ಟಿಗೂ ಮೇಲೆ ಹೋಗಬೇಕಿತ್ತು, ಏಳು ಪಟ್ಟಲ್ಲ.

70 ಎಂಬುದು ಅಂದಾಜಿನ ಸಂಖ್ಯೆ. ಶೇ. 2ರ ಹತ್ತಿರ ಅದು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಶೇ. 10ಕ್ಕೆ ಅದು 7 ವರ್ಷ ಎನ್ನುತ್ತದೆ, ನಿಜವಾಗಿ ಬೇಕಾಗುವುದು 7.3. ಪರೀಕ್ಷೆಯ ಉತ್ತರಕ್ಕೆ ಅಷ್ಟು ಸಾಕು. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಚಕ್ರಬಡ್ಡಿಯ ಲೆಕ್ಕ ಮೊದಲ ವರ್ಷ ಮತ್ತು ಕೊನೆಯ ವರ್ಷವನ್ನು ಮಾತ್ರ ನೋಡುತ್ತದೆ. 1979-80ರಲ್ಲಿ ಬರ ಬಂದು ನಮ್ಮ ಉತ್ಪನ್ನ ಸುಮಾರು ಶೇ. 5 ಕುಸಿಯಿತು. ಆ ವರ್ಷವನ್ನು ಕೊನೆಯಾಗಿ ಇಟ್ಟುಕೊಂಡರೆ ಹಿಂದಿನ ದಶಕ ಸಪ್ಪೆ ಕಾಣುತ್ತದೆ. ಅದೇ ವರ್ಷವನ್ನು ಮೊದಲಾಗಿ ಇಟ್ಟುಕೊಂಡರೆ ಮುಂದಿನ ದಶಕ ಮಿಂಚುತ್ತದೆ. ಯಾರಾದರೂ ನಿಮಗೆ ದರ ಹೇಳಿದರೆ ಯಾವ ವರ್ಷದಿಂದ ಯಾವ ವರ್ಷಕ್ಕೆ ಎಂದು ಮೊದಲು ಕೇಳಿ. ತುದಿಯನ್ನು ಒಂದೆರಡು ವರ್ಷ ಹಿಂದೆ ಮುಂದೆ ಸರಿಸಿ ಮತ್ತೆ ಲೆಕ್ಕ ಹಾಕಿ. ಉತ್ತರ ಹೆಚ್ಚು ಅಲುಗಾಡದಿದ್ದರೆ ಮಾತ್ರ ಅದರಿಂದ 70ನ್ನು ಭಾಗಿಸಿ.